ಅಜ್ಜಿ ತಿರುಗಲು 14 ಫ್ರೇಮ್

ಕೈಯಲ್ಲಿ ಚಿತ್ರ ಬಿಡಿಸಿ ಅನಿಮೇಶನ್ ಮಾಡುವ ಯಾವ ಆ್ಯಪ್ ತೆರೆದರೂ ಅದರಲ್ಲೊಂದು ಆನಿಯನ್ ಸ್ಕಿನ್ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಹಿಂದಿನ ಚಿತ್ರ ಮಸುಕಾದ ಒಂದು ಬಣ್ಣದಲ್ಲಿ, ಮುಂದಿನ ಚಿತ್ರ ಇನ್ನೊಂದು ಬಣ್ಣದಲ್ಲಿ ಕಾಣಿಸುತ್ತದೆ. ಸಾಮಾನ್ಯವಾಗಿ ಹಿಂದಿನದು ಕೆಂಪು, ಮುಂದಿನದು ಹಸಿರು. ಎರಡರ ಮಧ್ಯೆ ಒಂದು ಗೆರೆ ಎಳೆದರೆ ನಡುವಿನ ಚಿತ್ರ ಸಿದ್ಧ, ಹೀಗೇ ತುಂಬಿಸ್ತಾ ಹೋದ್ರೆ ಚಿತ್ರ ಓಡುತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಓಡೋದು ನಿಜ. ಆದರೆ ಮನುಷ್ಯರ ತಲೆಯನ್ನು ಹೀಗೆ ತಿರುಗಿಸಿದರೆ ಅದು ಟೇಬಲ್ ಫ್ಯಾನ್ ತಿರುಗಿದ ಹಾಗೆ ತಿರುಗುತ್ತದೆ. ಒಂದೇ ವೇಗ, ಒಂದೇ ಎತ್ತರ. ಕತ್ತಿನ ಮೇಲೆ ಯಾರೋ ಕೂರಿಸಿಟ್ಟ ವಸ್ತುವಿನ ಹಾಗೆ ಕಾಣಿಸುತ್ತದೆ.

ಹೆಸರಿನಲ್ಲಿ ಈರುಳ್ಳಿ ಇದ್ದರೂ ಇದಕ್ಕೂ ಅಡುಗೆಮನೆಗೂ ಸಂಬಂಧವಿಲ್ಲ. ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಪ್ರತಿಗಳಿಗೆ ಬಳಸುತ್ತಿದ್ದ, ಆಚೆಯದು ಈಚೆ ಕಾಣುವಷ್ಟು ತೆಳುವಾದ ಕಾಗದಕ್ಕೆ ಇಂಗ್ಲಿಷಿನಲ್ಲಿ ಆನಿಯನ್ ಸ್ಕಿನ್ ಅನ್ನೋ ಹೆಸರಿತ್ತು. ಕಾಗದದ ಮೇಲೆ ಅನಿಮೇಶನ್ ಮಾಡುವವರು ಕೆಳಗಿನಿಂದ ಬೆಳಕು ಬರುವ ಮೇಜಿನ ಮೇಲೆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಕೆಳಗಿನ ಚಿತ್ರ ನೋಡಿಕೊಂಡು ಮೇಲಿನದನ್ನು ಬಿಡಿಸುತ್ತಿದ್ದರು. ಆ್ಯಪ್‌ನ ಬಟನ್ ಮಾಡೋದೂ ಇದನ್ನೇ. ಆದರೆ ಆ ಮೇಜಿನ ಪಕ್ಕದಲ್ಲಿ ಇನ್ನೊಂದು ಹಾಳೆಯೂ ಇರುತ್ತಿತ್ತು. ಅದರ ಹೆಸರು ಎಕ್ಸ್‌ಪೋಶರ್ ಶೀಟ್. ಬಟನ್ ಎಲ್ಲರ ಫೋನಿಗೂ ಬಂತು, ಆ ಹಾಳೆ ಮಾತ್ರ ಬಹಳ ಜನರಿಗೆ ಬರಲಿಲ್ಲ.

ಆ ಹಾಳೆ ನೋಡೋಕೆ ಹಾಜರಿ ಪುಸ್ತಕದ ಪುಟದ ಹಾಗಿರುತ್ತದೆ. ಒಂದೊಂದು ಅಡ್ಡ ಸಾಲೂ ಒಂದೊಂದು ಫ್ರೇಮ್. ಸಿನಿಮಾದ ಲೆಕ್ಕದಲ್ಲಿ ಸೆಕೆಂಡಿಗೆ 24 ಸಾಲು. ಸಮಯ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಉದ್ದದ ಕಾಲಂಗಳಲ್ಲಿ ಒಂದು ಶಬ್ದಕ್ಕೆ, ಒಂದು ಕ್ಯಾಮೆರಾಕ್ಕೆ, ಉಳಿದವು ಚಿತ್ರದ ಒಂದೊಂದು ಪದರಕ್ಕೆ. ಯಾವ ಸಾಲಿನಲ್ಲಿ ಯಾವ ನಂಬರಿನ ಚಿತ್ರ ಕಾಣಿಸಬೇಕು ಅಂತ ಅಲ್ಲಿ ಬರೆಯುತ್ತಾರೆ. ಒಂದೇ ಚಿತ್ರ ಹತ್ತು ಫ್ರೇಮ್ ನಿಲ್ಲಬೇಕಾದರೆ ನಂಬರನ್ನು ಒಮ್ಮೆ ಬರೆದು ಕೆಳಕ್ಕೊಂದು ಗೆರೆ ಎಳೆದರೆ ಸಾಕು. ಆನಿಯನ್ ಸ್ಕಿನ್ ಹೇಳೋದು ಗೆರೆ ಎಲ್ಲಿರಬೇಕು ಅಂತ, ಈ ಹಾಳೆ ಹೇಳೋದು ಯಾವಾಗ ಇರಬೇಕು ಅಂತ. ನನಗೆ ಈ ಕೆಲಸ ಕಲಿಸಿದ ಮೇಷ್ಟ್ರು ಹಿಂದೆ ಸ್ಟುಡಿಯೊ ಒಂದರಲ್ಲಿ ವರ್ಷಗಟ್ಟಲೆ ನಡುವಿನ ಚಿತ್ರಗಳನ್ನೇ ಬಿಡಿಸಿದವರು. "ಹಾಳೆ ತುಂಬಿಸದೆ ಪೆನ್ಸಿಲ್ ಮುಟ್ಟಬೇಡಮ್ಮ" ಅಂತ ಅವರು ಹೇಳುತ್ತಿದ್ದದ್ದು ಶಿಸ್ತಿಗಾಗಿ ಅಂತ ತುಂಬಾ ದಿನ ಅನ್ನಿಸುತ್ತಿತ್ತು. ಅದಕ್ಕಿಂತ ದೊಡ್ಡ ಕಾರಣವೊಂದಿದೆ. ಅದನ್ನು ಒಂದು ಶಾಟ್ ಇಟ್ಟುಕೊಂಡೇ ಹೇಳಬೇಕು.

ನಾನೀಗ ಮಾಡುತ್ತಿರೋದು ನಮ್ಮಜ್ಜಿಯ ಬಗ್ಗೆ ಒಂದೂವರೆ ನಿಮಿಷದ ಚಿತ್ರ. ಅವರ ವರ್ಷದ ಕಾರ್ಯಕ್ಕೆ ಮನೆಯವರೆಲ್ಲ ಸೇರಿದಾಗ ತೋರಿಸಬೇಕು. ಅಜ್ಜಿಯ ಧ್ವನಿ ಇರುವ ಒಂದೇ ಒಂದು ಫೋನ್ ವಿಡಿಯೋ ನಮ್ಮ ಹತ್ತಿರ ಇದೆ. ಅದೂ ನನ್ನ ತಂಗಿಯ ಹೊಸ ಡ್ರೆಸ್ ತೋರಿಸಲು ತೆಗೆದದ್ದು. ಮೂಲೆಯಲ್ಲಿ ಮಸುಕು ಮಸುಕಾಗಿ ಅಜ್ಜಿ ಕೂತಿದ್ದಾರೆ. ತೊಡೆಯ ಮೇಲೆ ಮೊರ, ಕೈಯಲ್ಲಿ ಅವರೆಕಾಯಿ, ಕಣ್ಣು ಟಿವಿ ಧಾರಾವಾಹಿಯ ಮೇಲೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತದೆ. ಅಜ್ಜಿ ಆ ಕಡೆ ತಿರುಗಿ "ಮೂರಾಯ್ತು" ಅನ್ನುತ್ತಾರೆ. ಅಷ್ಟೇ. ಆ ಒಂದು ಮಾತಿನ ಸುತ್ತ ಮೂರು ಸೆಕೆಂಡಿನ ಶಾಟ್. ಮೂರು ಸೆಕೆಂಡ್ ಅಂದ್ರೆ 72 ಫ್ರೇಮ್.

ವಿಡಿಯೋ ಇದೆಯಲ್ಲ, ಅದರ ಮೇಲೇ ಗೆರೆ ಎಳೆದರೆ ಆಗಲ್ವಾ ಅಂತ ಗೆಳೆಯರು ಕೇಳಿದರು. ಮುಖವೇ ಸರಿಯಾಗಿ ಕಾಣದ ವಿಡಿಯೋ ಅದು, ಎಳೆಯೋದು ಏನನ್ನು? ಚಿತ್ರಕ್ಕೆ ಉಪಯೋಗವಿಲ್ಲದಿದ್ದರೂ ಸಮಯಕ್ಕೆ ಅದು ಬಂಗಾರದಂಥದ್ದು. ಅಜ್ಜಿಯ ಧ್ವನಿಯನ್ನು ಮತ್ತೆ ರೆಕಾರ್ಡ್ ಮಾಡಲು ಸಾಧ್ಯವಿಲ್ಲ. ಹಾಗಾಗಿ ಆ ಶಬ್ದ ಹೇಗಿದೆಯೋ ಹಾಗೇ ಇರಬೇಕು, ಚಿತ್ರವೇ ಅದಕ್ಕೆ ಹೊಂದಿಕೊಳ್ಳಬೇಕು.

ಆದ್ದರಿಂದ ಮೊದಲು ತುಂಬಿದ್ದು ಶಬ್ದದ ಕಾಲಂ. ಶಬ್ದದ ಅಲೆಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಕುಕ್ಕರ್ ಕೂಗು ಶುರುವಾಗುವ ಜಾಗ ಗೋಡೆಯ ಹಾಗೆ ಎದ್ದು ಕಾಣುತ್ತದೆ. ಅಲ್ಲಿಂದ ಅಜ್ಜಿಯ "ಮೂ" ಶುರುವಾಗುವವರೆಗೆ 1.17 ಸೆಕೆಂಡ್. 24ರಿಂದ ಗುಣಿಸಿದರೆ 28 ಫ್ರೇಮ್. ಕೂಗಿಗೆ ಮೊದಲು ಅಜ್ಜಿ ಸುಮ್ಮನೆ ಟಿವಿ ನೋಡುತ್ತಾ ಕೂತಿರುವುದಕ್ಕೆ ಒಂದು ಸೆಕೆಂಡ್ ಕೊಟ್ಟೆ. ಹಾಗಾಗಿ ಕೂಗು 25ನೇ ಫ್ರೇಮಿಗೆ, ಮಾತು 53ನೇ ಫ್ರೇಮಿಗೆ ಬಂತು. ಇವೆರಡೂ ಕದಲದ ಗೂಟಗಳು. ಏನೇ ಆಗಬೇಕಿದ್ದರೂ ಇವುಗಳ ನಡುವಿನ 28 ಸಾಲುಗಳಲ್ಲೇ ಆಗಬೇಕು.

ಇಲ್ಲೊಂದು ಎಚ್ಚರಿಕೆ. ಫೋನ್ ವಿಡಿಯೋ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿರುತ್ತದೆ, ನಮ್ಮ ಹಾಳೆ 24ರದ್ದು. ಸಾಲದ್ದಕ್ಕೆ ಬೆಳಕು ಕಡಿಮೆಯಾದರೆ ಎಷ್ಟೋ ಫೋನ್‌ಗಳು ಆ ವೇಗವನ್ನೂ ನಡುವೆಯೇ ಬದಲಿಸುತ್ತವೆ. ಆದ್ದರಿಂದ ವಿಡಿಯೋದ ಫ್ರೇಮ್ ಎಣಿಸಿ ನೇರವಾಗಿ ಹಾಳೆಗೆ ಇಳಿಸಬಾರದು. ಸೆಕೆಂಡಿಗೆ ಬದಲಾಯಿಸಿ, ಆಮೇಲೆ 24ರಿಂದ ಗುಣಿಸಬೇಕು. ಅಜ್ಜಿಯ ತಲೆ ತಿರುಗಲು ಹಿಡಿದದ್ದು 0.6 ಸೆಕೆಂಡ್. ವಿಡಿಯೋದಲ್ಲಿ ಅದು ಸುಮಾರು 18 ಫ್ರೇಮ್, ನನ್ನ ಹಾಳೆಯಲ್ಲಿ 14. ಆ 18ನ್ನೇ ಹಾಳೆಗೆ ಬರೆದರೆ ಅಜ್ಜಿ ಮುಕ್ಕಾಲು ಸೆಕೆಂಡ್ ತಿರುಗುತ್ತಾರೆ. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಆದರೆ ಪರದೆಯ ಮೇಲೆ ಮಾತು ಶುರುವಾಗುವಾಗ ತಲೆ ಆಗಷ್ಟೇ ಬಂದು ತಲುಪಿರುತ್ತದೆ.

28 ಸಾಲು ಹೀಗೆ ಹಂಚಿಕೆಯಾಯಿತು. ಕೂಗು ಕೇಳಿದ ತಕ್ಷಣ ಯಾರೂ ತಿರುಗಲ್ಲ. ಕಿವಿಗೆ ಬಿದ್ದದ್ದು ತಲೆಗೆ ಹೋಗಬೇಕಲ್ಲ. ವಿಡಿಯೋದಲ್ಲಿ ಅದಕ್ಕೆ ಕಾಲು ಸೆಕೆಂಡ್ ಆಗಿದೆ. ಹಾಗಾಗಿ 25ರಿಂದ 30ರವರೆಗೆ ಆರು ಫ್ರೇಮ್ ಅಜ್ಜಿ ಟಿವಿಯನ್ನೇ ನೋಡುತ್ತಿರುತ್ತಾರೆ. 31ರಿಂದ 44ರವರೆಗೆ ಹದಿನಾಲ್ಕು ಫ್ರೇಮ್ ತಿರುಗುವುದು. 45ಕ್ಕೆ ಮುಖ ಅಡುಗೆಮನೆಯ ಕಡೆ. ಅಲ್ಲಿಂದ 52ರವರೆಗೆ ಎಂಟು ಫ್ರೇಮ್ ತಲೆ ನೆಲೆ ನಿಲ್ಲಲು. 53ಕ್ಕೆ ಮಾತು. ಇದಿಷ್ಟು ಬರೆಯುವಾಗ ಅಜ್ಜಿಯ ಒಂದು ಚಿತ್ರವನ್ನೂ ನಾನು ಬಿಡಿಸಿರಲಿಲ್ಲ.

ಈಗ ಚಿತ್ರಗಳಿಗೆ ಬರೋಣ. 72 ಫ್ರೇಮ್ ಅಂದರೆ 72 ಚಿತ್ರ ಬೇಡ. ಒಂದೊಂದು ಚಿತ್ರವನ್ನೂ ಎರಡೆರಡು ಫ್ರೇಮ್ ತೋರಿಸಿದರೆ ಸೆಕೆಂಡಿಗೆ 12 ಸಾಕಾಗುತ್ತದೆ. ಕೈಚಿತ್ರದ ಅನಿಮೇಶನ್‌ನಲ್ಲಿ ಇದು ಹಳೆಯ ರೂಢಿ. ಈ ಲೆಕ್ಕದಲ್ಲಿ 14 ಫ್ರೇಮಿನ ತಿರುಗುವಿಕೆಗೆ ನಡುವೆ ಏಳು ಚಿತ್ರ ಬೇಕು. ಟಿವಿ ನೋಡುವ ಅಜ್ಜಿ ನಂಬರ್ 1, ಅಡುಗೆಮನೆ ನೋಡುವ ಅಜ್ಜಿ ನಂಬರ್ 9, ನಡುವೆ 2ರಿಂದ 8. ಹಾಳೆಯಲ್ಲಿ 31ಕ್ಕೆ 2, 33ಕ್ಕೆ 3, 35ಕ್ಕೆ 4, ಹೀಗೆ ಸಾಗಿ 43ಕ್ಕೆ 8, 45ಕ್ಕೆ 9.

ಮೊದಲು 1 ಮತ್ತು 9 ಬಿಡಿಸಬೇಕು. ಇವು ಕೀ ಚಿತ್ರಗಳು. ಆಮೇಲೆ 5. ಇದಕ್ಕೆ ಬ್ರೇಕ್‌ಡೌನ್ ಅನ್ನುತ್ತಾರೆ. ಪಾತ್ರ ಯಾರು ಅಂತ ನಿರ್ಧಾರವಾಗೋದು ಇಲ್ಲೇ ಅಂತ ನನ್ನ ಅಭಿಪ್ರಾಯ. 1 ಮತ್ತು 9ರಲ್ಲಿ ಯಾವ ಅಜ್ಜಿಯಾದರೂ ಒಂದೇ. ಟಿವಿ ನೋಡೋದು, ಬಾಗಿಲ ಕಡೆ ನೋಡೋದು. ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತಾರೆ ಅನ್ನೋದರಲ್ಲಿ ನಮ್ಮಜ್ಜಿ ಇರೋದು. ಅವರಿಗೆ ಕತ್ತು ಹಿಡಿದುಕೊಂಡಿತ್ತು, ಎಷ್ಟೋ ವರ್ಷದಿಂದ. ಕತ್ತೊಂದನ್ನೇ ತಿರುಗಿಸುತ್ತಿರಲಿಲ್ಲ. ಕಣ್ಣು ಮೊದಲು ಹೊರಡುತ್ತಿತ್ತು, ಆಮೇಲೆ ಭುಜ ಸಮೇತ ಇಡೀ ಮೈ. ನಡುವೆ ಗಲ್ಲ ಸ್ವಲ್ಪ ಕೆಳಗೆ ಬಂದು ಮತ್ತೆ ಮೇಲೇಳುತ್ತಿತ್ತು. ಒಂದು ಸಲ ರೆಪ್ಪೆ ಮುಚ್ಚಿ ತೆರೆಯುತ್ತಿತ್ತು. ಹಾಗಾಗಿ ನನ್ನ 5ನೇ ಚಿತ್ರದಲ್ಲಿ ಅಜ್ಜಿಯ ಕಣ್ಣು ಮುಚ್ಚಿದೆ, ಗಲ್ಲ ತಗ್ಗಿದೆ, ಎಡ ಭುಜ ಹಿಂದೆ ಸರಿದಿದೆ. ಆನಿಯನ್ ಸ್ಕಿನ್ ಹಾಕಿಕೊಂಡು 1 ಮತ್ತು 9ರ ನಡುವೆ ಎಷ್ಟು ಹೊತ್ತು ನೋಡಿದರೂ ಇದು ಸಿಗುವುದಿಲ್ಲ. ಎರಡರಲ್ಲೂ ಕಣ್ಣು ತೆರೆದೇ ಇದೆಯಲ್ಲ. ಬ್ರೇಕ್‌ಡೌನ್ ಮಾಡುವಾಗ ನಾನು ಆ ಬಟನ್ ಆರಿಸಿಯೇ ಇಡುತ್ತೇನೆ. ಮುಖದ ಗಾತ್ರ ಸರಿಯಿದೆಯಾ ಅಂತ ನೋಡಲು ಕೊನೆಗೊಮ್ಮೆ ಹಾಕಿದರೆ ಸಾಕು.

ಉಳಿದ ಆರು ಚಿತ್ರಗಳಿಗೆ ಆನಿಯನ್ ಸ್ಕಿನ್ ಬೇಕೇ ಬೇಕು. ಇಲ್ಲಿ ಮುಖ್ಯವಾದ ಪ್ರಶ್ನೆ, ಯಾವುದನ್ನು ಮೊದಲು ಬಿಡಿಸಬೇಕು? 2, 3, 4 ಅಂತ ನಂಬರಿನ ಕ್ರಮದಲ್ಲೇ ಅನ್ನಿಸುತ್ತದೆ ಅಲ್ವಾ? ಹಾಗೆ ಮಾಡಿದರೆ ಏನಾಗುತ್ತದೆ ಅಂತ ಅಳತೆ ಹಿಡಿದೇ ನೋಡಿ.

ಅಜ್ಜಿಯ ಮೂಗಿನ ತುದಿ 1ರಿಂದ 9ಕ್ಕೆ ಹೋಗುವಾಗ ಕಾಗದದ ಮೇಲೆ 8 ಸೆಂಟಿಮೀಟರ್ ಸರಿಯುತ್ತದೆ ಅಂದುಕೊಳ್ಳಿ. 5ನೇ ಚಿತ್ರದಲ್ಲಿ ಅದು ಸರಿಯಾಗಿ 4 ಸೆಂಟಿಮೀಟರ್‌ನಲ್ಲಿದೆ. ಈಗ 2ನೇ ಚಿತ್ರಕ್ಕೆ ಖಾಲಿ ಫ್ರೇಮ್ ತೆರೆದರೆ ಆನಿಯನ್ ಸ್ಕಿನ್ ಕೆಂಪಿನಲ್ಲಿ 1ನ್ನೂ ಹಸಿರಿನಲ್ಲಿ 5ನ್ನೂ ತೋರಿಸುತ್ತದೆ. ನಡುವೆ ಬೇರೇನೂ ಇಲ್ಲವಲ್ಲ. ಎರಡರ ಮಧ್ಯೆ ಎಳೆದರೆ ಮೂಗು 2 ಸೆಂಟಿಮೀಟರ್‌ಗೆ ಬರುತ್ತದೆ. ಆಮೇಲೆ 3ನೆಯದು 2 ಮತ್ತು 5ರ ಮಧ್ಯೆ, ಅಂದರೆ 3 ಸೆಂಟಿಮೀಟರ್. 4ನೆಯದು ಮೂರೂವರೆ. ಇದೇ ಥರ ಇನ್ನೊಂದು ಅರ್ಧವನ್ನೂ ತುಂಬಿಸಿದರೆ ಮೂಗು ಒಂದೊಂದು ಹೆಜ್ಜೆಗೆ ಸರಿಯುವ ದೂರ 2, 1, ಅರ್ಧ, ಅರ್ಧ, ಮತ್ತೆ 2, 1, ಅರ್ಧ, ಅರ್ಧ ಅಂತಾಗುತ್ತದೆ. ಅಜ್ಜಿ ಧಡಕ್ಕನೆ ಹೊರಟು, ಮಧ್ಯದಲ್ಲಿ ನಿಧಾನಿಸಿ, ಮತ್ತೆ ಧಡಕ್ಕನೆ ಹೊರಟು ನಿಲ್ಲುತ್ತಾರೆ. ನಡುವೆ ಒಂದು ಸ್ಟಾಪ್ ಇರುವ ಸಿಟಿ ಬಸ್ಸಿನ ಹಾಗೆ. ಪರದೆಯ ಮೇಲೆ ತಲೆ ಅರ್ಧದಲ್ಲಿ ಬಿಕ್ಕಳಿಸಿದಂತೆ ಕಂಡರೆ ಕಾರಣ ಬಹುತೇಕ ಇದೇ. ಚಮತ್ಕಾರ ಏನಂದ್ರೆ, ಒಂದೊಂದು ಚಿತ್ರವನ್ನೂ ಬಿಡಿಯಾಗಿ ನೋಡಿದರೆ ಯಾವ ತಪ್ಪೂ ಸಿಗುವುದಿಲ್ಲ. ಪ್ರತಿಯೊಂದೂ ಎರಡು ಚಿತ್ರಗಳ ಸರಿಯಾದ ಮಧ್ಯದಲ್ಲೇ ಇದೆ.

ಈಗ ಕ್ರಮ ತಿರುಗಿಸೋಣ. 5 ಆದಮೇಲೆ ಮೊದಲು 4. ಅದು 1 ಮತ್ತು 5ರ ಮಧ್ಯೆ, 2 ಸೆಂಟಿಮೀಟರ್. ಆಮೇಲೆ 3, ಅದು 1 ಮತ್ತು 4ರ ಮಧ್ಯೆ, 1 ಸೆಂಟಿಮೀಟರ್. ಆಮೇಲೆ 2, ಅರ್ಧ ಸೆಂಟಿಮೀಟರ್. ಆಚೆ ಕಡೆ 6 ಮೊದಲು, 5 ಮತ್ತು 9ರ ಮಧ್ಯೆ. ಆಮೇಲೆ 7, ಕೊನೆಗೆ 8. ಈಗ ಹೆಜ್ಜೆಗಳು ಅರ್ಧ, ಅರ್ಧ, 1, 2, 2, 1, ಅರ್ಧ, ಅರ್ಧ. ಅಜ್ಜಿ ಮೆಲ್ಲಗೆ ಹೊರಟು, ಮಧ್ಯದಲ್ಲಿ ವೇಗ ಪಡೆದು, ಮೆಲ್ಲಗೆ ನಿಲ್ಲುತ್ತಾರೆ. ಎರಡೂ ಸಲ ಒಂಬತ್ತೇ ಚಿತ್ರ, ಹಾಳೆಯಲ್ಲಿ ಅದೇ ಸಾಲುಗಳು, ಅದೇ ಆನಿಯನ್ ಸ್ಕಿನ್, ಅದೇ 'ಮಧ್ಯೆ ಎಳೆ' ಅನ್ನೋ ನಿಯಮ. ಬದಲಾದದ್ದು ಬಿಡಿಸಿದ ಕ್ರಮ ಮಾತ್ರ.

ಮೇಷ್ಟ್ರ ಮಾತಿನ ಹಿಂದಿದ್ದದ್ದು ಇದು. ಆನಿಯನ್ ಸ್ಕಿನ್‌ಗೆ ಅಕ್ಕಪಕ್ಕದವರು ಮಾತ್ರ ಗೊತ್ತು. ಆ ಹೊತ್ತಿಗೆ ಅಕ್ಕಪಕ್ಕದಲ್ಲಿ ಯಾರಿರಬೇಕು ಅಂತ ಮೊದಲೇ ಹೇಳಬೇಕಾದವರು ನಾವು. ಅದಕ್ಕೇ ಕೀ ಚಿತ್ರದ ಅಂಚಿನಲ್ಲಿ ಏಣಿಯ ಹಾಗೆ ಒಂದು ಸಣ್ಣ ಗೆರೆ ಹಾಕಿ, ಒಂದು ತುದಿಯಲ್ಲಿ 1, ಇನ್ನೊಂದು ತುದಿಯಲ್ಲಿ 9, ನಡುವೆ ಉಳಿದವು ಎಲ್ಲೆಲ್ಲಿ ಬರುತ್ತವೆ ಅಂತ ಗುರುತು ಹಾಕುತ್ತಾರೆ. ಇದು ಟೈಮಿಂಗ್ ಚಾರ್ಟ್. ನನ್ನ ಏಣಿಯಲ್ಲಿ ಮೆಟ್ಟಿಲುಗಳು ಎರಡೂ ತುದಿಗಳಲ್ಲಿ ಒತ್ತೊತ್ತಾಗಿ, ಮಧ್ಯದಲ್ಲಿ ದೂರ ದೂರ ಇವೆ. ರಿಚರ್ಡ್ ವಿಲಿಯಮ್ಸ್ 2001ರಲ್ಲಿ ಬರೆದ 'ದಿ ಅನಿಮೇಟರ್ಸ್ ಸರ್ವೈವಲ್ ಕಿಟ್' ಪುಸ್ತಕದಲ್ಲಿ ಇಂಥ ಏಣಿಗಳು ಪುಟಪುಟಕ್ಕೂ ಸಿಗುತ್ತವೆ. ಎಲ್ಲವನ್ನೂ ಅರ್ಧ, ಅರ್ಧದ ಅರ್ಧ ಅಂತಲೇ ಇಡುವುದಕ್ಕೂ ಕಾರಣವಿದೆ. ಎರಡು ಗೆರೆಗಳ ಸರಿ ಮಧ್ಯವನ್ನು ಕಣ್ಣು ಸುಲಭವಾಗಿ ಹಿಡಿಯುತ್ತದೆ. ಮೂರರಲ್ಲಿ ಒಂದು ಭಾಗ ಹಿಡಿ ಅಂದ್ರೆ ತಡವರಿಸುತ್ತದೆ.

ಸರಿ, ವೇಗ ಸರಿಹೋಯಿತು. ಇನ್ನು ದಾರಿ. 5ನೇ ಚಿತ್ರದಲ್ಲಿ ಗಲ್ಲ ತಗ್ಗಿದೆ ಅಂದೆನಲ್ಲ, ಮೂಗಿನ ತುದಿ ಅಲ್ಲಿ 1 ಸೆಂಟಿಮೀಟರ್ ಕೆಳಗಿದೆ. ಅಂದರೆ ಅದು ಹೋಗುವ ದಾರಿ ಜೋಕಾಲಿಯ ಹಾಗೆ ಬಾಗಿರಬೇಕು. 4ನೇ ಚಿತ್ರವನ್ನು ಕೆಂಪು ಹಸಿರುಗಳ ಕುರುಡು ಮಧ್ಯದಲ್ಲಿ ಎಳೆದರೆ ಮೂಗು ಅರ್ಧ ಸೆಂಟಿಮೀಟರ್ ಮಾತ್ರ ಇಳಿದಿರುತ್ತದೆ. 6ರಲ್ಲೂ ಹಾಗೇ. ಆಗ ದಾರಿ ಬಾಗುವುದಿಲ್ಲ, ಇಂಗ್ಲಿಷಿನ ವಿ ಅಕ್ಷರದಂತೆ ಮೊನಚಾಗುತ್ತದೆ. ಅಜ್ಜಿ ಮೂಗಿನಿಂದ ಏನನ್ನೋ ಕುಟ್ಟಿದಂತೆ ಕಾಣುತ್ತದೆ. ಜೋಕಾಲಿಯ ದಾರಿ ಬೇಕಾದರೆ 4 ಮತ್ತು 6ರಲ್ಲಿ ಮೂಗು ಸುಮಾರು ಮುಕ್ಕಾಲು ಸೆಂಟಿಮೀಟರ್ ಇಳಿದಿರಬೇಕು. ಅಡ್ಡಕ್ಕೆ ಸರಿ ಮಧ್ಯ, ಕೆಳಕ್ಕೆ ಮಧ್ಯಕ್ಕಿಂತ ಸ್ವಲ್ಪ ಹೆಚ್ಚು.

ಇದನ್ನು ಹಿಡಿಯಲು ಒಂದು ಹಳೆಯ ಉಪಾಯವಿದೆ. ಪ್ರತಿ ಚಿತ್ರದಲ್ಲೂ ಮೂಗಿನ ತುದಿಗೆ ಒಂದು ಬಣ್ಣದ ಚುಕ್ಕೆ ಇಡೋದು. ಆಮೇಲೆ ಆನಿಯನ್ ಸ್ಕಿನ್‌ನಲ್ಲಿ ಒಂಬತ್ತೂ ಚಿತ್ರ ಒಟ್ಟಿಗೆ ಕಾಣುವ ಹಾಗೆ ಮಾಡಿ, ಚುಕ್ಕೆಗಳನ್ನಷ್ಟೇ ನೋಡಬೇಕು. ರಂಗೋಲಿಯ ಎಳೆಯಲ್ಲಿ ಒಂದು ಚುಕ್ಕೆ ತಪ್ಪಿದರೆ ಗೊತ್ತಾಗುತ್ತಲ್ಲ, ಹಾಗೇ ಇಲ್ಲೂ ಸಾಲಿನಿಂದ ಆಚೆ ಹೋದ ಚುಕ್ಕೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಅಷ್ಟೊಂದು ಚಿತ್ರಗಳನ್ನು ಒಟ್ಟಿಗೆ ಹಾಕೋದಕ್ಕೆ ಅರ್ಥ ಇರೋದು ಈ ಒಂದು ಕೆಲಸಕ್ಕೆ ಮಾತ್ರ. ಬಿಡಿಸುವಾಗ ಹಿಂದೆ ಒಂದು, ಮುಂದೆ ಒಂದು ಸಾಕು. ಅದಕ್ಕಿಂತ ಹೆಚ್ಚಾದರೆ ಯಾವ ಗೆರೆ ಯಾರದ್ದು ಅಂತಲೇ ತಿಳಿಯಲ್ಲ.

ಕುರುಡು ಮಧ್ಯ ಇನ್ನೂ ಕೆಟ್ಟದಾಗಿ ಕೈಕೊಡುವುದು ತೋಳು ಎತ್ತುವಾಗ. ಇದೇ ಚಿತ್ರದ ಮುಂದಿನ ಶಾಟ್‌ನಲ್ಲಿ ಅಜ್ಜಿ ಕೆಳಗಿಟ್ಟ ಕೈಯನ್ನು ಎತ್ತಿ ಅಡುಗೆಮನೆಯ ಕಡೆ ಚಾಚುತ್ತಾರೆ. ತೋಳಿನ ಉದ್ದ 10 ಸೆಂಟಿಮೀಟರ್. ಮೊದಲ ಚಿತ್ರದಲ್ಲಿ ನೇರ ಕೆಳಗೆ, ಕೊನೆಯದರಲ್ಲಿ ನೇರ ಅಡ್ಡ. ಎರಡು ಅಂಗೈಗಳ ಸರಿ ಮಧ್ಯದಲ್ಲಿ ಅಂಗೈ ಇಟ್ಟರೆ ಭುಜದಿಂದ ಅಲ್ಲಿಗೆ ಬರೀ 7 ಸೆಂಟಿಮೀಟರ್ ಇರುತ್ತದೆ. ತೋಳು ಮೂರು ಸೆಂಟಿಮೀಟರ್ ಕುಗ್ಗಿತು! ಓಡಿಸಿ ನೋಡಿದರೆ ಕೈ ಒಳಗೆ ಹೋಗಿ ಹೊರಗೆ ಬಂದ ಹಾಗಿರುತ್ತದೆ. ಕಾಗದದ ಕಾಲದಲ್ಲಿ ಇದಕ್ಕೆ ಹಾಳೆಗಳನ್ನು ಗೂಟದಿಂದ ಬಿಚ್ಚಿ, ಎರಡೂ ಭುಜಗಳು ಒಂದರ ಮೇಲೊಂದು ಬರುವಂತೆ ಇಟ್ಟು, ಎರಡೂ ತೋಳುಗಳು ಅರ್ಧ ದಾರಿಯಲ್ಲಿ ಸೇರುವಂತೆ ತಿರುಗಿಸಿ, ಆ ಜಾಗದಲ್ಲಿ ಎಳೆಯುತ್ತಿದ್ದರು. ಆಗ ಉದ್ದ ಕಡಿಮೆಯಾಗುವುದಿಲ್ಲ. ಓಪನ್‌ಟೂನ್ಝ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ Shift and Trace ಅಂತ ಒಂದು ಆಯ್ಕೆಯಿದೆ, ಅದು ಮಾಡೋದು ಇದನ್ನೇ. ಮಸುಕು ಚಿತ್ರಗಳನ್ನು ಸರಿಸಿ, ತಿರುಗಿಸಿ ಒಂದರ ಮೇಲೊಂದು ತಂದು ಎಳೆಯಬಹುದು. ಮೂಲ ಚಿತ್ರಗಳು ಇದ್ದಲ್ಲೇ ಇರುತ್ತವೆ. ಅಂದಹಾಗೆ ಆ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪೋಶರ್ ಶೀಟ್ ಕೂಡ ಹಳೆಯ ಕಾಗದದ ಹಾಗೇ ಮೇಲಿನಿಂದ ಕೆಳಕ್ಕೆ ಇರುತ್ತದೆ. ಫೋನಿನ ಆ್ಯಪ್ ಬಳಸುವವರು ಒಂದು ನೋಟ್‌ಬುಕ್ಕಿನಲ್ಲಿ ಸಾಲು ಎಳೆದುಕೊಂಡರೂ ಕೆಲಸ ನಡೆಯುತ್ತದೆ, ನಾನು ಮಾಡುವುದೂ ಹಾಗೇ.

ಉಳಿದ ಪದರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರೆಕಾಯಿ ಬಿಡಿಸುವ ಕೈಗಳು ಬೇರೆ ಕಾಲಂನಲ್ಲಿವೆ. ಆರು ಚಿತ್ರಗಳು ಸುತ್ತಿ ಸುತ್ತಿ ಬರುತ್ತವೆ, 12 ಫ್ರೇಮಿಗೊಂದು ಸುತ್ತು. ತಲೆ ತಿರುಗಿದರೂ ಕೈ ನಿಲ್ಲುವುದಿಲ್ಲ. ವಿಡಿಯೋದಲ್ಲೂ ನಿಂತಿಲ್ಲ. ಮೈಯ ಪದರಕ್ಕೂ ಕೈಯ ಪದರಕ್ಕೂ ನಡುವಿನ ಜೋಡಣೆಯ ಗೆರೆ ಸೆರಗಿನ ಕೆಳಗೆ ಅಡಗಿದೆ. ಬಾಯಿಗೆ ನಾಲ್ಕು ಚಿತ್ರ. "ಮೂ" ಅನ್ನುವಲ್ಲಿ ತುಟಿ ಮುಚ್ಚಿದ ಚಿತ್ರ ಎರಡು ಫ್ರೇಮಾದರೂ ನಿಲ್ಲಬೇಕು. ಒಂದೇ ಫ್ರೇಮ್ ಇದ್ದರೆ ಕಣ್ಣಿಗೆ ಸಿಗುವುದೇ ಇಲ್ಲ, ಅಜ್ಜಿ "ಊರಾಯ್ತು" ಅಂದ ಹಾಗೆ ಕಾಣುತ್ತದೆ. 9ನೇ ಚಿತ್ರದಲ್ಲಿ ತಲೆಯನ್ನು ಎರಡು ಮಿಲಿಮೀಟರ್ ಹೆಚ್ಚೇ ತಿರುಗಿಸಿ, 49ನೇ ಫ್ರೇಮಿಗೆ 10ನೇ ಚಿತ್ರದಲ್ಲಿ ಅಷ್ಟನ್ನು ಹಿಂದಕ್ಕೆ ತಂದೆ. ಅದಿಲ್ಲದಿದ್ದರೆ ತಲೆ ಗೋಡೆಗೆ ತಾಗಿ ನಿಂತಂತಿರುತ್ತದೆ.

ಒಟ್ಟು ಲೆಕ್ಕ ಹಾಕಿ. ತಲೆ ಮತ್ತು ಭುಜ 10, ಕೈ 6, ಬಾಯಿ 4. ಇಪ್ಪತ್ತು ಚಿತ್ರ. ಒಂದನ್ನು ಅಚ್ಚುಕಟ್ಟಾಗಿ ಮುಗಿಸಲು ನನಗೆ ಅರ್ಧ ಗಂಟೆ ಬೇಕು, ಆಫೀಸ್ ಮುಗಿಸಿ ರಾತ್ರಿ ಸಿಗೋದು ಎರಡು ಗಂಟೆ. ಅಂದರೆ ಐದು ರಾತ್ರಿ. ಪದರ ಮಾಡದೆ ಇಡೀ ಅಜ್ಜಿಯನ್ನು ಎರಡೆರಡು ಫ್ರೇಮಿಗೊಮ್ಮೆ ಹೊಸದಾಗಿ ಬಿಡಿಸಿದ್ದರೆ 36 ಚಿತ್ರ, ಒಂಬತ್ತು ರಾತ್ರಿ. ಇಂಥ ಶಾಟ್‌ಗಳು ಹದಿನಾಲ್ಕಿವೆ, ಕಾರ್ಯದ ದಿನ ಯಾರಿಗೂ ಕಾಯುವುದಿಲ್ಲ. ಹಾಳೆ ಮೊದಲೇ ತುಂಬಿದ್ದರಿಂದ ಈ ಲೆಕ್ಕ ಪೆನ್ಸಿಲ್ ಎತ್ತುವ ಮುಂಚೆಯೇ ಗೊತ್ತಿತ್ತು.

ಇನ್ನೊಂದು ಲಾಭವೂ ಆಯಿತು. ಮುಂದೊಂದು ಶಾಟ್‌ನಲ್ಲಿ ಅದೇ ಜಾಗದಲ್ಲಿ ಕೂತ ಅಜ್ಜಿಗೆ ಒಲೆಯ ಮೇಲೆ ಹಾಲು ಉಕ್ಕಿದ ಸದ್ದು ಕೇಳುತ್ತದೆ. ಅಲ್ಲಿ ಮೆಲ್ಲಗೆ ತಿರುಗಿದರೆ ಆಗಲ್ಲ, ಗಾಬರಿ ಬೇಕು. ಅದಕ್ಕೆ ಹೊಸ ಚಿತ್ರ ಬಿಡಿಸಲಿಲ್ಲ. ಹಾಳೆಯಲ್ಲಿ 2 ಮತ್ತು 3ನ್ನು ಬಿಟ್ಟು, 1 ಆದ ಕೂಡಲೇ 4 ಅಂತ ಬರೆದೆ. ಮೊದಲ ಹೆಜ್ಜೆಯಲ್ಲೇ ಮೂಗು ಎರಡು ಸೆಂಟಿಮೀಟರ್ ಜಿಗಿಯುತ್ತದೆ, ತಲೆ ನಾಲ್ಕು ಫ್ರೇಮ್ ಬೇಗ ತಲುಪುತ್ತದೆ. ಅದೇ ಅಜ್ಜಿ, ಅದೇ ಚಿತ್ರಗಳು, ಆದರೆ ಈ ಸಲ ಎದೆ ಧಸಕ್ಕೆಂದದ್ದು ಕಾಣುತ್ತದೆ. ಹೀಗೆ ಕಿತ್ತು ಹಾಕುವುದಕ್ಕೂ ಮಿತಿಯಿದೆ. ಒಂದರ ನಂತರ ಒಂದು ಬರುವ ಎರಡು ಚಿತ್ರಗಳು ಆನಿಯನ್ ಸ್ಕಿನ್‌ನಲ್ಲಿ ಒಂದರ ಮೇಲೊಂದು ಕೂರದಷ್ಟು ದೂರವಾದರೆ ಕಣ್ಣು ಅವನ್ನು ಒಂದೇ ಚಲನೆ ಅಂತ ಒಪ್ಪುವುದಿಲ್ಲ, ಎರಡು ಅಜ್ಜಿಯರು ಮಿನುಗಿದ ಹಾಗಾಗುತ್ತದೆ. ಅಂಥ ಕಡೆ ನಡುವೆ ಚಿತ್ರ ಸೇರಿಸಿ ಒಂದೊಂದನ್ನೂ ಒಂದೊಂದೇ ಫ್ರೇಮ್ ತೋರಿಸಬೇಕು. ನಮ್ಮಜ್ಜಿಯ ತಲೆ ಅಗಲ ಹತ್ತು ಸೆಂಟಿಮೀಟರ್. ಎರಡು ಸೆಂಟಿಮೀಟರ್ ಜಿಗಿತ ಅದಕ್ಕೇನೂ ಅಲ್ಲ.

ಅಮ್ಮನಿಗೆ ಬರೀ ಪೆನ್ಸಿಲ್ ಗೆರೆಯ ಶಾಟ್ ಫೋನಿನಲ್ಲಿ ತೋರಿಸಿದೆ. ಬಣ್ಣ ಇಲ್ಲ, ಹಿಂದೆ ಗೋಡೆಯಿಲ್ಲ. ನಾಲ್ಕೈದು ಸಲ ನೋಡಿದರು. "ಭುಜ ನೋಡು, ಹಾಗೇ ತಿರುಗ್ತಿದ್ದದ್ದು ಅಮ್ಮ" ಅಂದರು. ಆಮೇಲೆ, "ಮೊರದಲ್ಲಿ ಇನ್ನೊಂದಿಷ್ಟು ಕಾಯಿ ಹಾಕೇ, ಮನೆ ತುಂಬ ಜನಕ್ಕೆ ಅಷ್ಟು ಸಾಲಲ್ಲ" ಅಂದರು. ಕಾಯಿ ಇರೋದು ಕದಲದ ಪದರದಲ್ಲಿ, ಒಂದೇ ಚಿತ್ರ. ಹಾಕಿದೆ.

ಈಗ ಹನ್ನೊಂದನೇ ಶಾಟ್‌ಗೆ ಬಂದಿದ್ದೇನೆ. ಅಜ್ಜಿ ಟಿವಿ ಮುಂದೆ ಕೂತಲ್ಲೇ ತೂಕಡಿಸುತ್ತಾರೆ, ಕೈ ನಿಧಾನವಾಗುತ್ತದೆ, ನಿಲ್ಲುತ್ತದೆ. ಇದಕ್ಕೆ ವಿಡಿಯೋ ಇಲ್ಲ, ಕೂಗಿಲ್ಲ, ಮಾತಿಲ್ಲ. ಶಬ್ದದ ಕಾಲಂ ಪೂರ್ತಿ ಖಾಲಿ. ಇಂಥ ಕಡೆ ಹಳಬರು ಸ್ಟಾಪ್‌ವಾಚ್ ಹಿಡಿದು ತಾವೇ ನಟಿಸಿ ಸಮಯ ಗುರುತು ಹಾಕಿಕೊಳ್ಳುತ್ತಿದ್ದರಂತೆ. ನಿನ್ನೆ ರಾತ್ರಿ ನಾನೂ ಕುರ್ಚಿಯಲ್ಲಿ ಕೂತು ಅಜ್ಜಿಯ ಹಾಗೆ ತೂಕಡಿಸಿ ನೋಡಿದೆ. ಮೊದಲ ಸಲ ತಲೆ ಬಾಗಲು 2.1 ಸೆಕೆಂಡ್, ಎರಡನೇ ಸಲ 3.4, ಮೂರನೇ ಸಲ 2.8. ಮೂರನ್ನೂ ಹಾಳೆಯ ಅಂಚಿನಲ್ಲಿ ಬರೆದಿಟ್ಟಿದ್ದೇನೆ. ಇವತ್ತು ಅಮ್ಮನನ್ನು ಕೂರಿಸಿ ಒಂದು ಸಲ ನೋಡಬೇಕು.